ಇಂಗ್ಲಿಷ್ ಪತ್ರಿಕೆಯ ಸಂಭಾಷಣೆ ಪ್ರಶ್ನೆ: ನಾಲ್ಕು ಆಯ್ಕೆಗಳಲ್ಲಿ ಸರಿಯಾದ ಮರುಮಾತು ಹುಡುಕುವುದು ಹೇಗೆ?

ಎಸ್ಸೆಸ್ಸೆಲ್ಸಿ ಮಕ್ಕಳು, ಅವರ ಅಪ್ಪ-ಅಮ್ಮಂದಿರು, ಕೆಲಸದ ಪರೀಕ್ಷೆಗೆ ಓದುತ್ತಿರುವವರು ಎಲ್ಲರೂ ಕೇಳುವ ಪ್ರಶ್ನೆ ಒಂದೇ. 'ಗ್ರಾಮರ್ ಬರುತ್ತೆ, ಪದಗಳ ಅರ್ಥವೂ ಗೊತ್ತು. ಆದ್ರೂ ಸಂಭಾಷಣೆ ಪೂರ್ತಿ ಮಾಡೋ ಪ್ರಶ್ನೆಯಲ್ಲಿ ತಪ್ಪಾಗುತ್ತೆ. ನಾಲ್ಕೂ ಸರಿ ಅನ್ನಿಸುತ್ತೆ. ಏನು ಮಾಡೋದು?'

ನಾಲ್ಕೂ ಸರಿ ಅನ್ನಿಸುವುದಕ್ಕೆ ಕಾರಣ ಇದೆ. ಇಂಥ ಪ್ರಶ್ನೆಗಳಲ್ಲಿ ನಾಲ್ಕೂ ಆಯ್ಕೆಗಳು ವ್ಯಾಕರಣದ ಪ್ರಕಾರ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತವೆ. ಪರೀಕ್ಷೆ ಇರುವುದು ವ್ಯಾಕರಣಕ್ಕಲ್ಲ, ಆ ಜಾಗದಲ್ಲಿ ಆ ಮನುಷ್ಯ ಏನು ಹೇಳಿದರೆ ಚೆನ್ನ ಎಂಬುದಕ್ಕೆ. ಮನಸ್ಸಿನಲ್ಲಿ ಕನ್ನಡಕ್ಕೆ ತಿರುಗಿಸಿಕೊಂಡು ಉತ್ತರ ಹುಡುಕುವವರಿಗೆ ಇಲ್ಲೇ ಏಟು ಬೀಳುವುದು. ಕನ್ನಡದಲ್ಲಿ ಮರ್ಯಾದೆಯಾಗಿ ಕೇಳುವ ಮಾತು ಇಂಗ್ಲಿಷ್‌ನಲ್ಲಿ ಒರಟಾಗಬಹುದು. ಕನ್ನಡದಲ್ಲಿ 'ಹೌದು' ಅನ್ನುವ ಕಡೆ ಇಂಗ್ಲಿಷ್‌ನಲ್ಲಿ 'ನೋ' ಬರಬಹುದು.

ಇಂಗ್ಲಿಷ್ ವಾಕ್ಯಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಸುಮ್ನೆ ಕಣ್ಣಾಡಿಸಬೇಡಿ, ಬಾಯಿ ಬಿಟ್ಟು ಓದಿ. ಮಾತು ಒರಟೋ ಮೃದುವೋ ಅನ್ನುವುದು ಕಿವಿಗೆ ಬೇಗ ಗೊತ್ತಾಗುತ್ತದೆ.

ಏನೇನು ಬೇಕು?

ಜಾಸ್ತಿ ಏನೂ ಬೇಡ. ನೀವು ಬರೆಯುವ ಪರೀಕ್ಷೆಯ ಹಳೆಯ ಪ್ರಶ್ನೆಪತ್ರಿಕೆಗಳು, ಒಂದು ಪೆನ್ಸಿಲ್, ಆಯ್ಕೆಗಳನ್ನು ಮುಚ್ಚಿಡಲು ಒಂದು ತುಂಡು ಕಾಗದ. ಕಾಗದ ಯಾಕೆ ಅಂತ ನಾಲ್ಕನೇ ಹಂತದಲ್ಲಿ ಹೇಳುತ್ತೇನೆ. ಪತ್ರಿಕೆ ನಿಮ್ಮ ಪರೀಕ್ಷೆಯದ್ದೇ ಆಗಿರಲಿ. ಒಂದೊಂದು ಪರೀಕ್ಷೆ ಈ ಪ್ರಶ್ನೆಯನ್ನು ಒಂದೊಂದು ರೀತಿಯಲ್ಲಿ ಕೇಳುತ್ತದೆ. ಕೆಲವು ಕಡೆ ಖಾಲಿ ಬಿಟ್ಟ ಮಾತನ್ನು ತುಂಬಬೇಕು. ಕೆಲವು ಕಡೆ, ನಮ್ಮ ಎಸ್ಸೆಸ್ಸೆಲ್ಸಿಯಲ್ಲಿ ಬರುವ ಹಾಗೆ, ಗೆರೆ ಎಳೆದ ಮಾತಿನ 'ಲಾಂಗ್ವೇಜ್ ಫಂಕ್ಷನ್' ಯಾವುದು ಅಂತ ಹೇಳಬೇಕು. ಎರಡಕ್ಕೂ ಬೇಕಾದ ತಿಳಿವಳಿಕೆ ಒಂದೇ.

ಹಂತ 1: ಯಾರು ಯಾರ ಜೊತೆ, ಎಲ್ಲಿ ಮಾತಾಡುತ್ತಿದ್ದಾರೆ ನೋಡಿ

ಸಂಭಾಷಣೆಯ ಎಡಗಡೆ ಹೆಸರುಗಳಿರುತ್ತವೆ: ಟೀಚರ್, ರವಿ, ಶಾಪ್‌ಕೀಪರ್, ಪ್ಯಾಸೆಂಜರ್. ಇವನ್ನು ಓದದೆ ನೇರವಾಗಿ ಖಾಲಿ ಜಾಗಕ್ಕೆ ಹಾರುವವರೇ ಜಾಸ್ತಿ. ಪೆನ್ಸಿಲ್‌ನಲ್ಲಿ ಆ ಹೆಸರುಗಳಿಗೆ ಸುತ್ತು ಹಾಕಿ. ಪಕ್ಕದಲ್ಲಿ ಒಂದೇ ಮಾತು ಬರೆಯಿರಿ: 'ಗೆಳೆಯರು', 'ಗೊತ್ತಿಲ್ಲದವರು', 'ದೊಡ್ಡವರು'.

ಇಷ್ಟರಿಂದ ಏನು ಸಿಗುತ್ತೆ? ಬೇಕಾದ ಮರ್ಯಾದೆ ಎಷ್ಟು ಅನ್ನುವುದು ಸಿಗುತ್ತದೆ. ಒಂದೇ ಬೆಂಚಿನಲ್ಲಿ ಕೂರುವ ಗೆಳೆಯ ಪೆನ್ನು ಕೇಳಿದರೆ 'ಶೂರ್, ಹಿಯರ್ ಯು ಆರ್' ಅಂದರೆ ಮುಗಿಯಿತು. ಅದೇ ಜಾಗಕ್ಕೆ 'ಇಟ್ ವುಡ್ ಬಿ ಮೈ ಪ್ಲೆಷರ್ ಟು ಲೆಂಡ್ ಯು ಮೈ ಪೆನ್' ಅನ್ನುವ ಆಯ್ಕೆಯೂ ಇರಬಹುದು. ಉದ್ದವಾಗಿದೆ, ಭಾರಿ ವಿನಯವಾಗಿದೆ, ಆದರೆ ಗೆಳೆಯನಿಗೆ ಯಾರೂ ಹಾಗೆ ಹೇಳುವುದಿಲ್ಲ. ಉದ್ದ ಇರುವುದೇ ಉತ್ತರ ಅಂತ ಗುರುತು ಹಾಕುವವರಿಗಾಗಿಯೇ ಇಂಥ ಆಯ್ಕೆ ಇಡುತ್ತಾರೆ.

ಇಲ್ಲೇ ಪ್ರಶ್ನೆಯ ಸೂಚನೆಯನ್ನೂ ಸರಿಯಾಗಿ ಓದಿಕೊಳ್ಳಿ. 'ಮೋಸ್ಟ್ ಪೊಲೈಟ್' ಅಂದರೆ ಸಂದರ್ಭಕ್ಕೆ ಹೊಂದುವ ಉತ್ತರಗಳಲ್ಲಿ ಹೆಚ್ಚು ವಿನಯವಾಗಿರುವುದು. 'ಮೋಸ್ಟ್ ಅಪ್ರೋಪ್ರಿಯೇಟ್' ಅಥವಾ 'ಸೂಟಬಲ್' ಅಂದರೆ ಆ ಇಬ್ಬರ ನಡುವಿನ ಸಲುಗೆಗೆ ಸರಿಹೊಂದುವುದು. ಮೇಲಿನ ಪೆನ್ನಿನ ಉದಾಹರಣೆಯಲ್ಲಿ 'ಅಪ್ರೋಪ್ರಿಯೇಟ್' ಅಂತ ಕೇಳಿದ್ದರೆ 'ಶೂರ್' ಉತ್ತರ, ಅನುಮಾನವೇ ಬೇಡ.

ಹಂತ 2: ಹಿಂದಿನ ಮಾತು ಏನು ಕೆಲಸ ಮಾಡುತ್ತಿದೆ?

ಲಾಂಗ್ವೇಜ್ ಫಂಕ್ಷನ್ ಅಂದರೆ ಮಾತಿನ ಕೆಲಸ, ಅಷ್ಟೇ. ಆ ಮಾತು ವಿನಂತಿಯೋ, ಅನುಮತಿ ಕೇಳುವುದೋ, ಸಹಾಯ ಮಾಡ್ತೀನಿ ಅನ್ನುವುದೋ, ಸಲಹೆಯೋ, ಆಹ್ವಾನವೋ, ಕ್ಷಮೆ ಕೇಳುವುದೋ, ಹೊಗಳುವುದೋ, ಕೆಟ್ಟ ಸುದ್ದಿ ಹೇಳುವುದೋ? ಮೊದಲು ಇದಕ್ಕೆ ಹೆಸರಿಡಿ. ಪ್ರಶ್ನಾರ್ಥಕ ಚಿಹ್ನೆ ಕಂಡ ತಕ್ಷಣ 'ಇದು ಪ್ರಶ್ನೆ' ಅಂದುಕೊಳ್ಳಬೇಡಿ. ಇಂಗ್ಲಿಷ್‌ನಲ್ಲಿ ಪ್ರಶ್ನೆಯ ವೇಷ ಹಾಕಿಕೊಂಡು ಬೇರೆ ಕೆಲಸ ಮಾಡುವ ಮಾತುಗಳು ಬಹಳ.

'ವೈ ಡೋಂಟ್ ವಿ ಗೋ ಟು ದ ಲೈಬ್ರರಿ?' ಇದನ್ನು ಪದಕ್ಕೆ ಪದ ತಿರುಗಿಸಿದರೆ 'ನಾವು ಯಾಕೆ ಲೈಬ್ರರಿಗೆ ಹೋಗಲ್ಲ?' ಅಂತಾಗುತ್ತದೆ. ಆಗ ಕಣ್ಣು ತಾನಾಗಿಯೇ 'ಬಿಕಾಸ್' ಅಂತ ಶುರುವಾಗುವ ಆಯ್ಕೆಯ ಮೇಲೆ ಹೋಗುತ್ತದೆ. ನಿಜವಾಗಿ ಆ ಮಾತಿನ ಅರ್ಥ 'ಲೈಬ್ರರಿಗೆ ಹೋಗೋಣ್ವಾ?' ಅದು ಸಲಹೆ. ಸಲಹೆಗೆ ಉತ್ತರ ಒಪ್ಪಿಗೆ ಅಥವಾ ನಯವಾದ ನಿರಾಕರಣೆ: 'ದಟ್ಸ್ ಎ ಗುಡ್ ಐಡಿಯಾ.' 'ಹೌ ಅಬೌಟ್', 'ವಾಟ್ ಅಬೌಟ್', 'ಶಲ್ ವಿ' ಅಂತ ಶುರುವಾಗುವ ಮಾತುಗಳೂ ಹೀಗೆಯೇ ಸಲಹೆಗಳು.

'ಶಲ್ ಐ ಕ್ಯಾರಿ ಯುವರ್ ಬ್ಯಾಗ್?' ಅನ್ನುವುದು ಸಹಾಯ ಮಾಡಲು ಮುಂದೆ ಬರುವ ಮಾತು. ಇದಕ್ಕೆ 'ಆಫರ್' ಅನ್ನುತ್ತಾರೆ. 'ಯೆಸ್, ಯು ಶಲ್' ಅಂದರೆ ಹುಕುಂ ಕೊಟ್ಟ ಹಾಗಾಗುತ್ತದೆ. 'ಥ್ಯಾಂಕ್ ಯು, ದಟ್ಸ್ ವೆರಿ ಕೈಂಡ್ ಆಫ್ ಯು' ಸರಿಯಾದ ಮರುಮಾತು.

'ಕುಡ್ ಯು ಟೆಲ್ ಮಿ ದ ಟೈಮ್, ಪ್ಲೀಸ್?' ವಿನಂತಿ. 'ಯೆಸ್, ಐ ಕುಡ್' ಅಂದು ಸುಮ್ಮನಾದರೆ ಕೇಳಿದವನು ಬಾಯಿ ಬಿಟ್ಟುಕೊಂಡು ನಿಂತಿರಬೇಕಾಗುತ್ತದೆ. ಸಮಯ ಹೇಳುವ ಆಯ್ಕೆ, ಇಲ್ಲವೇ 'ಸಾರಿ, ನನ್ನ ಹತ್ತಿರ ವಾಚ್ ಇಲ್ಲ' ಅನ್ನುವ ಅರ್ಥದ ಆಯ್ಕೆ ಹುಡುಕಿ.

ಹಂತ 3: ಖಾಲಿ ಜಾಗದ ನಂತರದ ಮಾತನ್ನು ಓದಿ

ಇದೊಂದೇ ಹಂತ ಅಭ್ಯಾಸವಾದರೂ ಬಹಳ ಅಂಕ ಉಳಿಯುತ್ತದೆ. ಖಾಲಿ ಜಾಗ ಬಂದ ಕೂಡಲೇ ಓದುವುದನ್ನು ನಿಲ್ಲಿಸಿ ಆಯ್ಕೆಗಳಿಗೆ ಇಳಿಯಬೇಡಿ. ಉತ್ತರದ ಸುಳಿವು ಎಷ್ಟೋ ಸಲ ಅದರ ಕೆಳಗಿನ ಸಾಲಿನಲ್ಲಿ ಕೂತಿರುತ್ತದೆ. ಈ ಮಾದರಿ ನೋಡಿ:

ಸ್ಟೂಡೆಂಟ್: ಎಕ್ಸ್‌ಕ್ಯೂಸ್ ಮಿ, ಮ್ಯಾಡಮ್. ಕುಡ್ ಐ ಕೀಪ್ ದಿಸ್ ಬುಕ್ ಫಾರ್ ಒನ್ ಮೋರ್ ವೀಕ್?
ಲೈಬ್ರೇರಿಯನ್: ____________
ಸ್ಟೂಡೆಂಟ್: ಓ, ಐ ಡಿಡಂಟ್ ನೋ ದಟ್. ವೆನ್ ಡಸ್ ಶಿ ನೀಡ್ ಇಟ್?

ಎ) ಶೂರ್, ಗೋ ಅಹೆಡ್.
ಬಿ) ನೋ, ಯು ಕಾಂಟ್. ರಿಟರ್ನ್ ಇಟ್.
ಸಿ) ಐ ಆಮ್ ಸಾರಿ, ಬಟ್ ಅನದರ್ ಸ್ಟೂಡೆಂಟ್ ಹ್ಯಾಸ್ ಆಸ್ಕ್ಡ್ ಫಾರ್ ಇಟ್.
ಡಿ) ವೈ ಡೋಂಟ್ ಯು ಬೈ ಎ ನ್ಯೂ ಒನ್?

ಮೊದಲ ಸಾಲು ಮಾತ್ರ ಓದಿದವರು ಎ ಗುರುತು ಹಾಕುತ್ತಾರೆ. ತಪ್ಪು ಅನ್ನಲೂ ಆಗುವುದಿಲ್ಲ, ಏಕೆಂದರೆ ಅನುಮತಿ ಕೇಳಿದ್ದಕ್ಕೆ ಅನುಮತಿ ಕೊಡುವ ಮಾತು ಅದು, ವಿನಯವಾಗಿಯೂ ಇದೆ. ಈಗ ಮೂರನೇ ಸಾಲಿಗೆ ಬನ್ನಿ. ಅಲ್ಲಿ ಎರಡು ಸುಳಿವುಗಳಿವೆ. 'ಐ ಡಿಡಂಟ್ ನೋ ದಟ್' ಅಂದರೆ 'ಅದು ನನಗೆ ಗೊತ್ತಿರಲಿಲ್ಲ'. ಹಾಗಾದರೆ ಲೈಬ್ರೇರಿಯನ್ ಏನೋ ಹೊಸ ವಿಷಯ ಹೇಳಿರಬೇಕು. ಎ ಹೋಯಿತು. 'ಶಿ' ಅಂತ ಒಬ್ಬಳು ಬಂದಿದ್ದಾಳೆ. ಲೈಬ್ರೇರಿಯನ್ ಯಾರೋ ಮೂರನೆಯವರ ಮಾತೆತ್ತಿರಬೇಕು. ಬಿ, ಡಿ ಎರಡರಲ್ಲೂ ಮೂರನೆಯವರು ಯಾರೂ ಇಲ್ಲ. ಉಳಿದದ್ದು ಸಿ. ಬಿ ಒರಟಾಗಿದೆ ಅನ್ನುವುದನ್ನು ಯೋಚಿಸುವ ಮುಂಚೆಯೇ ಉತ್ತರ ಸಿಕ್ಕಿಬಿಟ್ಟಿತು.

ನಂತರದ ಸಾಲಿನಲ್ಲಿ ನೋಡಬೇಕಾದ್ದು ಮುಖ್ಯವಾಗಿ ಇವು: 'ಇಟ್, ದಟ್, ಹಿ, ಶಿ, ದೆಮ್' ತರಹದ ಸರ್ವನಾಮಗಳು (ಹೆಸರಿನ ಬದಲು ಬರುವ ಪದಗಳು), ಮತ್ತೆ 'ಥ್ಯಾಂಕ್ ಯು', 'ದಟ್ಸ್ ಆಲ್ ರೈಟ್', 'ನೆವರ್ ಮೈಂಡ್' ತರಹದ ಪ್ರತಿಕ್ರಿಯೆಗಳು. 'ಥ್ಯಾಂಕ್ ಯು ವೆರಿ ಮಚ್' ಅಂತಿದ್ದರೆ ಖಾಲಿ ಜಾಗದಲ್ಲಿ ಸಾಮಾನ್ಯವಾಗಿ ಸಹಾಯ, ಒಪ್ಪಿಗೆ, ಹೊಗಳಿಕೆ ಅಥವಾ ಹಾರೈಕೆ ಇರುತ್ತದೆ. 'ನೆವರ್ ಮೈಂಡ್, ಐ ವಿಲ್ ಆಸ್ಕ್ ಸಮ್‌ವನ್ ಎಲ್ಸ್' ಅಂತಿದ್ದರೆ ಹಿಂದಿನವರು ಆಗಲ್ಲ ಅಂದಿದ್ದಾರೆ.

ನಂತರ ಸಾಲೇ ಇಲ್ಲದೆ ಸಂಭಾಷಣೆ ಖಾಲಿ ಜಾಗದಲ್ಲೇ ಮುಗಿದರೆ? ಆಗ ಹಂತ 1 ಮತ್ತು 2ರ ಮೇಲೆಯೇ ನಿಲ್ಲಬೇಕು.

ಹಂತ 4: ಆಯ್ಕೆ ಮುಚ್ಚಿ, ನಿಮ್ಮ ಉತ್ತರ ನೀವೇ ಹೇಳಿ

ಅಭ್ಯಾಸ ಮಾಡುವಾಗ ನಾಲ್ಕು ಆಯ್ಕೆಗಳ ಮೇಲೆ ಕಾಗದದ ತುಂಡು ಇಡಿ. ಖಾಲಿ ಜಾಗಕ್ಕೆ ಏನು ಬರಬೇಕು ಅಂತ ನೀವೇ ಒಂದು ಮಾತು ಹೇಳಿಕೊಳ್ಳಿ. ಇಂಗ್ಲಿಷ್ ವಾಕ್ಯ ಬಾಯಿಗೆ ಬರದಿದ್ದರೆ 'ಸಾರಿ ಹೇಳಿ ಕಾರಣ ಕೊಡಬೇಕು' ಅಂತ ಕನ್ನಡದಲ್ಲಿ ಅಂದುಕೊಂಡರೂ ಸಾಕು. ಆಮೇಲೆ ಕಾಗದ ತೆಗೆದು, ಅದಕ್ಕೆ ಹತ್ತಿರ ಇರುವುದನ್ನು ಹುಡುಕಿ. ಹಾಗೆ ಮಾಡಿದರೆ ನೀವು ನಾಲ್ಕರ ನಡುವೆ ಅಲೆಯುವುದಿಲ್ಲ.

ಗಮನಿಸಿ: ಕನ್ನಡದಲ್ಲಿ ಅಂದುಕೊಳ್ಳುವುದು ಮಾತಿನ *ಕೆಲಸ*ವನ್ನು ಮಾತ್ರ. ಮಾತನ್ನೇ ಅಲ್ಲ. ಯಾಕೆ ಅಂತ ಮುಂದಿನ ಹಂತದಲ್ಲಿದೆ.

ಹಂತ 5: ಕನ್ನಡದ ದಾರಿಯಲ್ಲಿ ಬಂದು ಬೀಳುವ ಗುಂಡಿಗಳನ್ನು ಗುರುತಿಸಿ

ಈ ಹಂತಕ್ಕೆ ಸ್ವಲ್ಪ ಹೆಚ್ಚು ಸಮಯ ಕೊಡಿ.

*ಮರ್ಯಾದೆ ಎಲ್ಲಿದೆ?* 'ಪುಸ್ತಕ ಕೊಡಿ' ಅಂದರೆ ಕನ್ನಡದಲ್ಲಿ ಮರ್ಯಾದೆಯ ಮಾತೇ. ಆ 'ಕೊಡಿ'ಯ ಕೊನೆಯಲ್ಲಿರುವ 'ಇ' ಕೆಲಸ ಮಾಡಿಬಿಟ್ಟಿದೆ. 'ಸ್ವಲ್ಪ' ಅಂತ ಸೇರಿಸಿ 'ಸ್ವಲ್ಪ ಪುಸ್ತಕ ಕೊಡಿ' ಅಂದರಂತೂ ಇನ್ನೂ ನಯ. (ಪುಸ್ತಕವನ್ನು ಸ್ವಲ್ಪ ಕೊಡುವುದು ಹೇಗೆ ಅಂತ ನಮ್ಮಲ್ಲಿ ಯಾರೂ ಕೇಳುವುದಿಲ್ಲ!) ಇಂಗ್ಲಿಷ್ ಕ್ರಿಯಾಪದಕ್ಕೆ ಇಂಥ ಬಾಲ ಇಲ್ಲ. ಮಗುವಿಗೂ 'ಗಿವ್', ಹೆಡ್‌ಮಾಸ್ಟರಿಗೂ 'ಗಿವ್'. ಹಾಗಾಗಿ 'ಗಿವ್ ಮಿ ದ ಬುಕ್' ಅಂದರೆ ಅಪ್ಪಣೆಯಂತೆ ಕೇಳಿಸುತ್ತದೆ.

ಇಂಗ್ಲಿಷ್‌ನಲ್ಲಿ ಮರ್ಯಾದೆ ಬರುವುದು ಮಾತನ್ನು ಕೇಳುವ ರೀತಿಯಲ್ಲಿ. ಒರಟಿನಿಂದ ನಯದ ಕಡೆಗೆ ಒಂದೊಂದೇ ಮೆಟ್ಟಿಲು ಹತ್ತಿ ನೋಡಿ:

ಗಿವ್ ಮಿ ದ ಬುಕ್.
ಗಿವ್ ಮಿ ದ ಬುಕ್, ಪ್ಲೀಸ್.
ಕ್ಯಾನ್ ಯು ಗಿವ್ ಮಿ ದ ಬುಕ್?
ಕುಡ್ ಯು ಗಿವ್ ಮಿ ದ ಬುಕ್, ಪ್ಲೀಸ್?
ವುಡ್ ಯು ಮೈಂಡ್ ಗಿವಿಂಗ್ ಮಿ ದ ಬುಕ್?

ಎರಡನೇ ಮೆಟ್ಟಿಲನ್ನು ಗಮನಿಸಿ. 'ಪ್ಲೀಸ್' ಇದೆ, ಆದರೂ ಕೆಳಗೇ ಉಳಿದಿದೆ. ಅಪ್ಪಣೆಗೆ ಪ್ಲೀಸ್ ಅಂಟಿಸಿದರೆ ಅದು ಸ್ವಲ್ಪ ಮೆತ್ತಗಿನ ಅಪ್ಪಣೆ, ಅಷ್ಟೇ. 'ಪ್ಲೀಸ್ ಇರೋದೇ ಉತ್ತರ' ಅನ್ನುವ ಲೆಕ್ಕಾಚಾರ ನಂಬಬೇಡಿ. 'ಕ್ಯಾನ್'ಗಿಂತ 'ಕುಡ್', 'ವಿಲ್'ಗಿಂತ 'ವುಡ್' ಹೆಚ್ಚು ನಯ. 'ಐ ವಾಂಟ್'ಗಿಂತ 'ಐ ವುಡ್ ಲೈಕ್' ನಯ. ಹೋಟೆಲ್‌ನಲ್ಲಿ 'ಒಂದು ಮಸಾಲೆದೋಸೆ ಬೇಕು' ಅಂದರೆ ನಮ್ಮಲ್ಲಿ ಯಾರಿಗೂ ಬೇಜಾರಿಲ್ಲ. ಇಂಗ್ಲಿಷ್ ಪತ್ರಿಕೆಯ ಹೋಟೆಲ್‌ನಲ್ಲಿ ಮಾತ್ರ 'ಐ ವಾಂಟ್ ಎ ಮಸಾಲಾ ದೋಸಾ' ಬಿಟ್ಟು 'ಐ ವುಡ್ ಲೈಕ್ ಎ ಮಸಾಲಾ ದೋಸಾ, ಪ್ಲೀಸ್' ಆರಿಸಿ.

*'ವುಡ್ ಯು ಮೈಂಡ್' ಎಂಬ ಮಹಾ ಗುಂಡಿ.* ಇದರಲ್ಲಿ ಬಿದ್ದಷ್ಟು ಜನ ಬೇರೆಲ್ಲೂ ಬಿದ್ದಿರಲಿಕ್ಕಿಲ್ಲ.

ಪ್ಯಾಸೆಂಜರ್: ವುಡ್ ಯು ಮೈಂಡ್ ಓಪನಿಂಗ್ ದ ವಿಂಡೋ?

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತವರಿಗೆ ಕೇಳುವ ಮಾತು. 'ಮೈಂಡ್ ಮಾಡು' ಅಂದರೆ ಇಲ್ಲಿ ಬೇಸರ ಮಾಡಿಕೊಳ್ಳುವುದು, ಅಡ್ಡಿಯೆನ್ನುವುದು. 'ಕಿಟಕಿ ತೆಗೆಯೋಕೆ ನಿಮಗೇನಾದ್ರೂ ಬೇಜಾರಾ?' ಅಂತ ಕೇಳಿದ ಹಾಗೆ. ತೆಗೆಯಲು ಒಪ್ಪಿಗೆ ಇದ್ದರೆ ಉತ್ತರ 'ಇಲ್ಲ, ಬೇಜಾರೇನಿಲ್ಲ'. ಇಂಗ್ಲಿಷ್‌ನಲ್ಲಿ 'ನಾಟ್ ಅಟ್ ಆಲ್' ಅಥವಾ 'ನೋ, ಆಫ್ ಕೋರ್ಸ್ ನಾಟ್'. 'ಯೆಸ್, ಐ ಡು' ಅಂದರೆ 'ಹೌದು, ನನಗೆ ಬೇಜಾರು, ತೆಗೆಯಲ್ಲ' ಅಂತ ಅರ್ಥ. ಒಪ್ಪುವುದಕ್ಕೆ 'ನೋ' ಹೇಳಬೇಕು, ಇದೇ ತಿರುವು.

ಇನ್ನೂ ಒಂದು ಸೂಕ್ಷ್ಮ ಇದೆ. ಕೆಲಸ ಯಾರು ಮಾಡಬೇಕು ಅನ್ನುವುದು ಬದಲಾಗುತ್ತದೆ. 'ವುಡ್ ಯು ಮೈಂಡ್ ಓಪನಿಂಗ್ ದ ವಿಂಡೋ' ಅಂದರೆ ನೀವು ತೆಗೆಯಿರಿ. 'ಡು ಯು ಮೈಂಡ್ ಇಫ್ ಐ ಓಪನ್ ದ ವಿಂಡೋ' ಅಂದರೆ ನಾನು ತೆಗೆಯಲಾ. ಮೊದಲನೆಯದಕ್ಕೆ 'ನಾಟ್ ಅಟ್ ಆಲ್. ಐ ವಿಲ್ ಓಪನ್ ಇಟ್ ನೌ.' ಎರಡನೆಯದಕ್ಕೆ 'ನಾಟ್ ಅಟ್ ಆಲ್. ಪ್ಲೀಸ್ ಗೋ ಅಹೆಡ್.' ನಾಲ್ಕು ಆಯ್ಕೆಗಳಲ್ಲಿ ಎರಡು 'ನಾಟ್ ಅಟ್ ಆಲ್'ನಿಂದಲೇ ಶುರುವಾದರೆ ಹೆದರಬೇಡಿ. ಕಿಟಕಿ ತೆಗೆಯುವವರು ಯಾರು ಅಂತ ಮಾತ್ರ ನೋಡಿ.

ಒಪ್ಪಿಗೆ ಇಲ್ಲದಿದ್ದರೆ ನೇರವಾಗಿ 'ಯೆಸ್, ಐ ಮೈಂಡ್' ಅನ್ನುವುದಿಲ್ಲ, ಅದು ಜಗಳಕ್ಕೆ ನಿಂತ ಮಾತು. 'ಐ ಆಮ್ ಸಾರಿ, ಬಟ್ ಐ ಹ್ಯಾವ್ ಎ ಕೋಲ್ಡ್' ಅಂತ ಕಾರಣ ಹೇಳುತ್ತಾರೆ. ನಿತ್ಯದ ಮಾತಿನಲ್ಲಿ ಇಂಗ್ಲಿಷ್ ಮನೆಮಾತಿನವರೂ ಇಂಥ ಪ್ರಶ್ನೆಗೆ 'ಶೂರ್' ಅಂದು ಕಿಟಕಿ ತೆಗೆಯುವುದುಂಟು. ಆದರೆ ಪತ್ರಿಕೆಯಲ್ಲಿ 'ನಾಟ್ ಅಟ್ ಆಲ್' ಕಣ್ಣಿಗೆ ಬಿದ್ದರೆ ಅದನ್ನು ಬಿಟ್ಟು 'ಶೂರ್' ಕಡೆ ಹೋಗಬೇಡಿ.

*ಇಲ್ಲ ಅನ್ನುವ ಪ್ರಶ್ನೆ.* ಟೀಚರ್ ಕೇಳುತ್ತಾರೆ: 'ಡಿಡಂಟ್ ಯು ಬ್ರಿಂಗ್ ಯುವರ್ ನೋಟ್‌ಬುಕ್?' ಕನ್ನಡದಲ್ಲಿ 'ನೋಟ್‌ಬುಕ್ ತಂದಿಲ್ವಾ?' ಅಂದರೆ ನಾವು 'ಹೌದು ಮಿಸ್, ತಂದಿಲ್ಲ' ಅಂತಲೂ ಅನ್ನುತ್ತೇವೆ. ಟೀಚರ್ ಹೇಳಿದ್ದು ಹೌದು ಅಂತ ಒಪ್ಪುವ 'ಹೌದು' ಅದು. ಇಂಗ್ಲಿಷ್ ಹಾಗೆ ನೋಡುವುದಿಲ್ಲ. ಕೇಳಿದ ರೀತಿ ಹೇಗೇ ಇರಲಿ, ತಂದಿದ್ದರೆ 'ಯೆಸ್', ತರದಿದ್ದರೆ 'ನೋ'. ಆದ್ದರಿಂದ 'ನೋ, ಮಿಸ್. ಐ ಆಮ್ ಸಾರಿ, ಐ ಫರ್ಗಾಟ್ ಇಟ್.' ಇದರಿಂದ ಒಂದು ಸುಲಭ ಲಾಭ: 'ಯೆಸ್, ಐ ಡಿಡಂಟ್', 'ನೋ, ಐ ಡಿಡ್' ಅಂತ ಅಡ್ಡಾದಿಡ್ಡಿ ಜೋಡಿ ಕಂಡರೆ, ಬೇರೇನೂ ಓದದೆ ಹೊಡೆದು ಹಾಕಿ.

*ಹೊಗಳಿದಾಗ.* ನಮ್ಮಲ್ಲಿ ಯಾರಾದರೂ 'ಸೀರೆ ತುಂಬಾ ಚೆನ್ನಾಗಿದೆ' ಅಂದರೆ 'ಅಯ್ಯೋ ಬಿಡಿ, ಹಳೇದು, ನಮ್ಮಕ್ಕನ ಮದುವೇಲಿ ತಗೊಂಡಿದ್ದು' ಅಂತ ಬೆಲೆ ಇಳಿಸುವುದೇ ವಿನಯ. ಇಂಗ್ಲಿಷ್ ಪತ್ರಿಕೆಯಲ್ಲಿ 'ಯು ಸ್ಯಾಂಗ್ ವೆರಿ ವೆಲ್' ಅಂದರೆ 'ನೋ, ನೋ, ಐ ಸ್ಯಾಂಗ್ ಬ್ಯಾಡ್ಲಿ' ಅನ್ನುವುದು ಹೊಗಳಿದವರ ಮಾತನ್ನೇ ಅಲ್ಲಗಳೆದಂತೆ. 'ಥ್ಯಾಂಕ್ ಯು. ಐ ಆಮ್ ಗ್ಲ್ಯಾಡ್ ಯು ಲೈಕ್ಡ್ ಇಟ್' ಸರಿ. 'ಐ ನೋ' ಅಂದರೆ ಜಂಬ. ಈ ಎರಡೂ ಆಯ್ಕೆಗಳು ಒಟ್ಟೊಟ್ಟಿಗೆ ಬರುವುದುಂಟು.

*ಸಾಕು, ಬೇಡ.* ಊಟಕ್ಕೆ ಕೂತಾಗ 'ವುಡ್ ಯು ಲೈಕ್ ಸಮ್ ಮೋರ್ ರೈಸ್?' ಅಂದರೆ ನಾವು 'ಸಾಕು ಸಾಕು' ಅಂತ ಎಲೆಗೆ ಕೈ ಅಡ್ಡ ಹಿಡಿಯುತ್ತೇವೆ, ಬಡಿಸುವವರಿಗೂ ಅದೇ ಸಂತೋಷ. 'ಎನಫ್!' ಅಂದರೆ ಮಾತ್ರ ಗದರಿದ ಹಾಗೆ. 'ಐ ಡೋಂಟ್ ವಾಂಟ್' ಕೂಡ ಒರಟು. 'ನೋ, ಥ್ಯಾಂಕ್ ಯು. ಐ ಆಮ್ ಫುಲ್' ಆರಿಸಿ. ಬೇಕು ಅಂತಾದರೆ 'ಯೆಸ್, ಪ್ಲೀಸ್'. ಇಲ್ಲಿ 'ಯೆಸ್'ಗೆ ಪ್ಲೀಸ್, 'ನೋ'ಗೆ ಥ್ಯಾಂಕ್ ಯು ಜೊತೆಗಾರರು.

*ಫೋನ್.* 'ಯಾರು ಮಾತಾಡ್ತಿರೋದು?' ಅಂತ ಫೋನಿನಲ್ಲಿ ಕೇಳುವುದು ನಮಗೆ ಸಹಜ. 'ಹೂ ಆರ್ ಯು?' ಅಂತ ತಿರುಗಿಸಿದರೆ 'ಯಾರಯ್ಯಾ ನೀನು?' ಆಗಿಬಿಡುತ್ತದೆ. 'ಮೇ ಐ ನೋ ಹೂ ಈಸ್ ಕಾಲಿಂಗ್, ಪ್ಲೀಸ್?' ಸರಿಯಾದದ್ದು. 'ಮೇ ಐ ಸ್ಪೀಕ್ ಟು ಲತಾ?' ಅಂತ ಕೇಳಿದಾಗ ಫೋನ್ ಎತ್ತಿದವಳೇ ಲತಾ ಆಗಿದ್ದರೆ 'ಸ್ಪೀಕಿಂಗ್' ಅಥವಾ 'ದಿಸ್ ಈಸ್ ಲತಾ ಸ್ಪೀಕಿಂಗ್' ಅನ್ನುತ್ತಾಳೆ.

ಹಂತ 6: 'ಆಗಲ್ಲ' ಅನ್ನುವ ಉತ್ತರವನ್ನು ತೂಗಿ ನೋಡಿ

ನಿರಾಕರಣೆಯ ಪ್ರಶ್ನೆಗಳು ಕಷ್ಟ, ಏಕೆಂದರೆ ಆಗ ಎರಡು ಮೂರು ಆಯ್ಕೆಗಳು ಒಂದೇ ಅರ್ಥ ಕೊಡುತ್ತವೆ. ವ್ಯತ್ಯಾಸ ಇರುವುದು ನಯದಲ್ಲಿ ಮಾತ್ರ. ನಯವಾದ 'ಆಗಲ್ಲ'ದಲ್ಲಿ ಸಾಮಾನ್ಯವಾಗಿ ಮೂರು ತುಂಡುಗಳಿರುತ್ತವೆ: ಮೊದಲು ಥ್ಯಾಂಕ್ಸ್ ಅಥವಾ ಸಾರಿ ಅಥವಾ 'ಐ ವುಡ್ ಲವ್ ಟು', ಆಮೇಲೆ 'ಬಟ್' ಜೊತೆ ಕಾರಣ, ಸಾಧ್ಯವಾದರೆ ಇನ್ನೊಂದು ದಾರಿ.

ಅನಿತಾ: ವುಡ್ ಯು ಲೈಕ್ ಟು ಕಮ್ ಟು ಮೈ ಬರ್ತ್‌ಡೇ ಪಾರ್ಟಿ ಆನ್ ಸಂಡೇ?
ಸಲ್ಮಾ: ____________
ಅನಿತಾ: ದಟ್ಸ್ ಓಕೆ. ಐ ವಿಲ್ ಸೇವ್ ಸಮ್ ಕೇಕ್ ಫಾರ್ ಯು.

ಎ) ಐ ಕಾಂಟ್ ಕಮ್.
ಬಿ) ಐ ವುಡ್ ಲವ್ ಟು, ಬಟ್ ವಿ ಆರ್ ಗೋಯಿಂಗ್ ಟು ಮೈಸೂರು ದಟ್ ಡೇ.
ಸಿ) ಓ, ಐ ಡೋಂಟ್ ಲೈಕ್ ಪಾರ್ಟೀಸ್.
ಡಿ) ಥ್ಯಾಂಕ್ ಯು. ಐ ವಿಲ್ ಡೆಫಿನಿಟ್ಲಿ ಕಮ್.

ಕೇಕ್ ಎತ್ತಿಡುತ್ತೇನೆ ಅಂದಿದ್ದರಿಂದ ಸಲ್ಮಾ ಬರುವುದಿಲ್ಲ ಅಂತ ಗೊತ್ತಾಯಿತು, ಡಿ ಬಿತ್ತು. ಉಳಿದ ಮೂರೂ 'ಬರಲ್ಲ' ಅಂತಲೇ ಹೇಳುತ್ತವೆ. ಎ ಬರಿದಾದ ಮಾತು, ಕಾರಣವಿಲ್ಲ. ಸಿ ಕಾರಣ ಹೇಳುತ್ತದೆ, ಆದರೆ ಆ ಕಾರಣ ಕರೆದವಳ ಮನಸ್ಸಿಗೆ ಚುಚ್ಚುತ್ತದೆ. ಬಿ ಸರಿ. ಸಿಯಂಥ ಆಯ್ಕೆ ನಿಜ ಹೇಳುತ್ತಿದೆಯಲ್ಲಾ ಅಂತ ಕೆಲವರು ಆರಿಸುತ್ತಾರೆ. ಇಲ್ಲಿ ಪ್ರಾಮಾಣಿಕತೆಗೆ ಅಂಕ ಇಲ್ಲ.

'ನೋಡೋಣ' ಅಂತ ನಾವು ತಪ್ಪಿಸಿಕೊಳ್ಳುವ ಹಾಗೆ 'ಲೆಟ್ಸ್ ಸೀ' ಅನ್ನುವ ಆಯ್ಕೆ ಇದ್ದರೆ ಅದನ್ನು ನಿರಾಕರಣೆ ಅಂತ ಎಣಿಸಬೇಡಿ. ಇಂಗ್ಲಿಷ್‌ನಲ್ಲಿ ಅದು ಬರೀ 'ಇನ್ನೂ ಗೊತ್ತಿಲ್ಲ'.

ಹಂತ 7: ಚಿಕ್ಕ ಜೋಡಿಗಳನ್ನು ಬಾಯಿಪಾಠ ಮಾಡಿ

ಕೆಲವಕ್ಕೆ ಯೋಚನೆ ಬೇಡ. ಥ್ಯಾಂಕ್ ಯು ಅಂದರೆ 'ಯು ಆರ್ ವೆಲ್ಕಮ್' ಅಥವಾ 'ಡೋಂಟ್ ಮೆನ್ಶನ್ ಇಟ್'. ನಮ್ಮಲ್ಲಿ ಓಡಾಡುವ 'ನೋ ಮೆನ್ಶನ್' ಆಯ್ಕೆಯಲ್ಲಿ ಬಂದರೆ ತಪ್ಪು ಅಂತಲೇ ತಿಳಿಯಿರಿ. ಸಾರಿ ಅಂದರೆ 'ದಟ್ಸ್ ಆಲ್ ರೈಟ್'. ಒಳ್ಳೆ ಸುದ್ದಿ ಹೇಳಿದರೆ 'ಕಂಗ್ರಾಜುಲೇಶನ್ಸ್'. ಪರೀಕ್ಷೆಗೋ ಸಂದರ್ಶನಕ್ಕೋ ಹೊರಟವರಿಗೆ 'ಗುಡ್ ಲಕ್' ಅಥವಾ 'ಆಲ್ ದ ಬೆಸ್ಟ್'. ಈ ಎರಡನ್ನು ಅದಲುಬದಲು ಮಾಡುವವರಿದ್ದಾರೆ: ಕೆಲಸ ಮುಗಿದು ಗೆದ್ದವರಿಗೆ ಕಂಗ್ರಾಜುಲೇಶನ್ಸ್, ಇನ್ನೂ ಹೊರಟವರಿಗೆ ಗುಡ್ ಲಕ್.

ಕೆಟ್ಟ ಸುದ್ದಿಗೆ 'ಐ ಆಮ್ ಸಾರಿ ಟು ಹಿಯರ್ ದಟ್'. ನೀವೇನೂ ತಪ್ಪು ಮಾಡಿಲ್ಲ, ಆದರೂ 'ಸಾರಿ' ಯಾಕೆ ಅನ್ನಿಸಬಹುದು. ಇಲ್ಲಿ ಅದು ಕ್ಷಮೆಯಲ್ಲ, 'ಅಯ್ಯೋ ಪಾಪ' ಅನ್ನುವ ಮರುಕ. ಲಾಂಗ್ವೇಜ್ ಫಂಕ್ಷನ್ ಕೇಳಿದರೆ 'ಅಪಾಲಜೈಸಿಂಗ್' ಅಲ್ಲ, 'ಎಕ್ಸ್‌ಪ್ರೆಸ್ಸಿಂಗ್ ಸಿಂಪತಿ' ಅಂತ ಗುರುತು ಹಾಕಬೇಕು.

ಕೊನೆಗೂ ಎರಡು ಉಳಿದರೆ?

ಇದು ಎಷ್ಟು ಅಭ್ಯಾಸ ಮಾಡಿದರೂ ಆಗುತ್ತದೆ. ಆಗ ಎರಡು ಕೆಲಸ ಮಾಡಿ. ಮೊದಲು ಒಂದೊಂದನ್ನೂ ಖಾಲಿ ಜಾಗದಲ್ಲಿಟ್ಟು ಇಡೀ ಸಂಭಾಷಣೆಯನ್ನು ಮನಸ್ಸಿನಲ್ಲೇ ಓದಿ. ಮುಂದಿನ ಸಾಲಿಗೆ ತೊಡರದೆ ಹೋಗುವುದು ಯಾವುದು ನೋಡಿ. ಅದರಲ್ಲೂ ತೀರದಿದ್ದರೆ, ಕೇಳಿದ್ದಕ್ಕೆ ಪೂರ್ತಿ ಉತ್ತರ ಕೊಡುವುದನ್ನು ಆರಿಸಿ. 'ಮೇ ಐ ಯೂಸ್ ಯುವರ್ ಸ್ಕೇಲ್?' ಅಂದಾಗ 'ಯೆಸ್, ಯು ಮೇ' ಮತ್ತು 'ಸರ್ಟನ್ಲಿ, ಹಿಯರ್ ಇಟ್ ಈಸ್' ಎರಡೂ ಇದ್ದರೆ ಎರಡನೆಯದು. ಮೊದಲನೆಯದು ತಪ್ಪಲ್ಲ, ಮೇಲಿನವರು ಕೆಳಗಿನವರಿಗೆ ಅಪ್ಪಣೆ ಕೊಟ್ಟಂತೆ ಬಿಗಿಯಾಗಿದೆ. ಮಾತಾಡುವವರು ಹೆಡ್‌ಮಾಸ್ಟರ್ ಮತ್ತು ವಿದ್ಯಾರ್ಥಿ ಆಗಿದ್ದರೆ ಮಾತ್ರ ಅದೂ ಸಲ್ಲುತ್ತದೆ. ಹಂತ 1ರಲ್ಲಿ ಹಾಕಿದ ಸುತ್ತನ್ನು ಮತ್ತೊಮ್ಮೆ ನೋಡಿ.

ಗೈಡ್ ಪುಸ್ತಕದ ಉತ್ತರಕ್ಕೂ ನಿಮ್ಮ ಉತ್ತರಕ್ಕೂ ತಾಳೆಯಾಗದಿದ್ದರೆ ತಕ್ಷಣ ನಿಮ್ಮದನ್ನು ಅಳಿಸಬೇಡಿ. ಇಂಥ ಪ್ರಶ್ನೆಗಳನ್ನು ಅರೆಬರೆ ಬರೆದು, ಎರಡು ಸರಿ ಉತ್ತರ ಬಿಟ್ಟಿರುವುದೂ ಉಂಟು. ನಿಮ್ಮ ಉತ್ತರಕ್ಕೆ ನೀವು ಕೊಡುವ ಕಾರಣವನ್ನು ಪಕ್ಕದಲ್ಲಿ ಒಂದು ಸಾಲು ಬರೆದು ನಿಮ್ಮ ಇಂಗ್ಲಿಷ್ ಟೀಚರ್‌ಗೆ ತೋರಿಸಿ. ಕೀ ಉತ್ತರ ಪ್ರಕಟಿಸಿ ಆಕ್ಷೇಪಣೆ ಕರೆಯುವ ಪರೀಕ್ಷೆಯಾದರೆ ಅದೇ ಸಾಲು ಆಕ್ಷೇಪಣೆ ಬರೆಯಲೂ ಕೆಲಸಕ್ಕೆ ಬರುತ್ತದೆ. ಬರೆಯುವಾಗ 'ನನ್ನದೂ ಸರಿ' ಅಂತ ಬರೀ ವಾದ ಮಾಡಬೇಡಿ. ಹಿಂದಿನ ಮಾತಿನ ಕೆಲಸ ಏನು, ನಂತರದ ಸಾಲಿನ ಯಾವ ಪದ ನಿಮ್ಮ ಆಯ್ಕೆಗೆ ಹೊಂದುತ್ತದೆ, ಇವೆರಡನ್ನು ತೋರಿಸಿ.